ಒಂಬತ್ತು ಬಿಳಿ ಸೀರೆ, ಒಂದು ಹವಳದ ಸರ

ಫೋಟೋ ನೋಡಿ ನನ್ನ ಮಗ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಇದರಲ್ಲಿ ನೀನ್ಯಾರು?"

ಅರಸೀಕೆರೆಯಲ್ಲಿ ಒಟ್ಟಿಗೆ ಹೈಸ್ಕೂಲು ಓದಿದ ಒಂಬತ್ತು ಜನ ಹೆಂಗಸರು ಹಳೇಬೀಡು, ಬೇಲೂರು ನೋಡೋಕೆ ಹೊರಟಿದ್ವಿ. ಎಲ್ಲರೂ ಬಿಳಿ ಸೀರೆ, ಬಿಳಿ ರವಿಕೆ, ಒಂದೆಳೆ ಮುತ್ತಿನ ಸರ, ಸೆರಗು ಮಡಿಸಿ ಎಡ ಭುಜಕ್ಕೆ ಪಿನ್ನು ಅಂತ ವಾಟ್ಸಾಪಿನಲ್ಲಿ ತೀರ್ಮಾನವಾಯ್ತು. ಒಬ್ಬಳು ಮಾತ್ರ ನನಗೆ ಫೋನ್ ಮಾಡಿದಳು. "ನಮ್ಮನೆಯವರು ಹೋದಾಗ ಬಿಳಿ ಉಡು ಅಂದ್ರು. ನಾನು ಉಡಲಿಲ್ಲ ಕಣೇ. ಈಗ ನೀವೂ ಅದನ್ನೇ ಹೇಳ್ತೀರಲ್ಲೇ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ನಿನಗೆ ಹೇಗೆ ಬೇಕೋ ಹಾಗೆ ಬಾ" ಅಂದೆ, ಅಷ್ಟೇ.

ಅವಳು ಬಂದಳು. ಬಿಳಿಯನ್ನೇ ಉಟ್ಟಿದ್ದಳು. ಆದರೆ ಸೀರೆಗೆ ಬೆರಳಗಲದ ಕೆಂಪು ಅಂಚಿತ್ತು, ಕೊರಳಲ್ಲಿ ಅಮ್ಮನ ಹವಳದ ಸರ ಇತ್ತು. ಸೊಸೆ ಮಡಿಕೇರಿಯವಳು. ಅವಳ ಕೈಯಲ್ಲಿ ಕೊಡಗಿನ ರೀತಿ ಉಡಿಸಿಕೊಂಡಿದ್ದಳು: ನೆರಿಗೆ ಹಿಂದೆ, ಸೆರಗು ಎಡ ಕಂಕುಳ ಕೆಳಗಿಂದ ಎದೆಯ ಮೇಲೆ ಬಂದು ಬಲ ಭುಜದಲ್ಲಿ ಬಿಗಿ. ಇನ್ನೊಬ್ಬಳು ನವಿಲು ಬಣ್ಣದ ರವಿಕೆ ತೊಟ್ಟು ಬಂದಿದ್ದಳು. "ಥೀಮ್ ಕೆಡಿಸಿದ್ರಿ ಇಬ್ರೂ" ಅಂತ ಗುಂಪಿನ ಲೀಡರಮ್ಮ ಸಿಡುಕಿದಳು.

ಇಬ್ಬರೂ ಕೆಡಿಸಿದ್ರಾ? ನನಗೆ ಹಾಗನ್ನಿಸೋಲ್ಲ. ಬೇಲೂರಿನಲ್ಲಿ ತಲೆಯೆತ್ತಿ ನೋಡಿದ ಮೇಲಂತೂ ಖಂಡಿತಾ ಇಲ್ಲ.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಚೆನ್ನಕೇಶವ ಗುಡಿಯ ಸೂರಿನಡಿ ಇರೋ ಮದನಿಕೆಯರದ್ದೂ ಒಂದೇ ಬಣ್ಣ, ಬಳಪದ ಕಲ್ಲಿನ ಬಣ್ಣ. ಆದರೂ ಯಾರನ್ನೂ ಇನ್ನೊಬ್ಬರು ಅಂದುಕೊಳ್ಳೋಕೆ ಆಗಲ್ಲ. ಒಬ್ಬಳ ಕೈಯಲ್ಲಿ ಕನ್ನಡಿ, ಒಬ್ಬಳ ಕೈ ಮೇಲೆ ಗಿಳಿ. ಇನ್ನೊಬ್ಬಳ ಸೀರೆಯನ್ನು ಕೋತಿ ಎಳೀತಿದೆ, ಅಲ್ಲಿ ಬಟ್ಟೆಯೇ ಕಥೆ. ಬಣ್ಣ ಇಲ್ಲದ ಕಡೆ ಶಿಲ್ಪಿಗೆ ಸಿಕ್ಕಿದ್ದು ನೆರಳು. ಒಡವೆಯ ಸುತ್ತ ಆಳವಾಗಿ ಕೊರೆದ, ಆ ಕಪ್ಪು ಗೆರೆಯಿಂದಲೇ ಸರ ಎದೆಯಿಂದ ಎದ್ದು ಕಾಣುತ್ತೆ. ಆ ಕಲ್ಲು ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗೋದ್ರಿಂದ ಇದು ಸಾಧ್ಯವಾಯ್ತು.

ಬಿಳಿ ಸೀರೆಯ ಲೆಕ್ಕವೂ ಇದೇ. ನಮ್ಮ ಮುತ್ತಿನ ಸರಗಳು ಬಿಳಿ ರವಿಕೆಯ ಮೇಲೆ ಹತ್ತು ಅಡಿ ದೂರಕ್ಕೇ ಮಾಯ. ಯಾರದೋ ತೆಳು ಚಿನ್ನದ ಚೈನೂ ಅಷ್ಟೇ. ಬಿಳಿ ಮೇಲೆ ನಿಲ್ಲೋದು ನೆರಳು ಬೀಳಿಸೋ ದಪ್ಪದ್ದು, ಇಲ್ಲಾ ತನ್ನದೇ ಬಣ್ಣ ಇರೋದು: ಕಪ್ಪು ಹಿಡಿದ ಬೆಳ್ಳಿ, ಹವಳ, ಕರಿಮಣಿ. ಹವಳದ ಕೆಂಪು ಸೀರೆಯಂಚಲ್ಲಿ ಇನ್ನೊಮ್ಮೆ ಬಂದಿದ್ದರಿಂದ ಕಣ್ಣಿಗೆ ಅದು ಒಂದೇ ಮಾತಿನಂತೆ ಕಂಡಿತು. ನವಿಲು ರವಿಕೆ ಹಾಗಲ್ಲ. ಅಷ್ಟು ದೊಡ್ಡ ಜಾಗ ಬಣ್ಣಕ್ಕೆ ಕೊಟ್ಟರೆ ಫೋಟೋದಲ್ಲಿ ರವಿಕೆ ಮಾತ್ರ ಇರುತ್ತೆ, ಉಳಿದ ಎಂಟು ಜನ ಅದರ ಗೋಡೆ ಆಗ್ತಾರೆ. ಥೀಮ್ ಕೆಟ್ಟಿದ್ದರೆ ಅಲ್ಲಿ.

ಬಿಳಿ ಒಂದೇ ಅಲ್ಲ ಅನ್ನೋದೂ ನಮಗೆ ಹೊಳೆದಿರಲಿಲ್ಲ. ಇಬ್ಬರದು ಪಾಲಿಯೆಸ್ಟರ್, ಬಿಸಿಲಲ್ಲಿ ನೀಲಿ ಹೊಡೀತಿತ್ತು. ಅವರ ಪಕ್ಕ ನಿಂತ ಖಾದಿ ಸೀರೆ ಪಾಪ, ಒಗೆಯದ ಬಟ್ಟೆ ಥರ ಕಂಡಿತು. ಎರಡನ್ನೂ ಹಗಲು ಹೊತ್ತು ಬಾಗಿಲ ಬೆಳಕಲ್ಲಿ ಅಕ್ಕಪಕ್ಕ ಹಿಡಿದಿದ್ದರೆ ಸಾಕಿತ್ತು. ಹಾಲಿನ ಬಿಳಿಯೋ ಕೆನೆ ಬಿಳಿಯೋ ಅಂತ ಮೊದಲೇ ಹೇಳಿಬಿಡಬೇಕು.

ಹಳೇಬೀಡಿನ ಫೋಟೋದಲ್ಲಿ ನಾನು ಕಾಣೆಯಾಗೋಕೆ ಇನ್ನೊಂದು ಕಾರಣ ಇದೆ. ಹೊತ್ತು ಮಧ್ಯಾಹ್ನ, ಹಿಂದೆ ಕಪ್ಪು ಗೋಡೆ. ಫ್ರೇಮಿನ ತುಂಬ ಕಪ್ಪಿದ್ದರೆ ಫೋನು ಬೆಳಕು ಹೆಚ್ಚಿಸುತ್ತೆ, ಬಿಳಿ ಸುಟ್ಟುಹೋಗುತ್ತೆ, ನೆರಿಗೆ ಅಳಿಸಿಹೋಗುತ್ತೆ. ಸ್ಕ್ರೀನಿನಲ್ಲಿ ಸೀರೆಯ ಮೇಲೆ ಬೆರಳಿಟ್ಟು ಬೆಳಕು ಇಳಿಸಿದರೆ ನೆರಿಗೆ ಮರಳಿ ಬರುತ್ತೆ. ಸಂಜೆಯ ಓರೆ ಬಿಸಿಲಾದರೆ ಇನ್ನೂ ಒಳ್ಳೇದು. ಚಪ್ಪಲಿ ಹೊರಗೆ ಬಿಡೋದ್ರಿಂದ ಕಾಲಿನ ಅಲಂಕಾರ ಲೆಕ್ಕಕ್ಕಿಲ್ಲ. ಕಲ್ಲು ಸುಡುತ್ತೆ ಅಂತ ಕಪ್ಪು ಸಾಕ್ಸ್ ಹಾಕಿದ ನನ್ನ ಕಾಲು ಮಾತ್ರ ಎಲ್ಲ ಫೋಟೋದಲ್ಲೂ ಸ್ಪಷ್ಟವಾಗಿದೆ!

ಸುಟ್ಟುಹೋದ ಆ ಬಿಳಿಯಲ್ಲೂ ಅವಳೊಬ್ಬಳು ಗುರುತು ಸಿಗ್ತಾಳೆ. ನಮ್ಮೆಲ್ಲರ ಸೆರಗು ಎಡದಿಂದ ನೇರ ಇಳಿದಿದೆ, ಅವಳದು ಎದೆಗೆ ಅಡ್ಡ ಹಾದು ಬಲಕ್ಕೆ ಏರಿದೆ. ಬಣ್ಣ ಹೋದರೂ ಉಡುವ ಗೆರೆ ಹೋಗಲ್ಲ.

ವಾಪಸ್ ಬರೋವಾಗ ಅವಳನ್ನ ಕೇಳಿದೆ, "ಬೇಜಾರಾಯ್ತೇನೇ?"

"ಇಲ್ಲ ಕಣೇ. ಅವರು ಹೇಳಿದ್ದು ಬೇರೆ ಬಿಳಿ, ಇದು ನಾನು ಉಟ್ಟ ಬಿಳಿ" ಅಂದಳು.

ಮುಂದಿನ ಸಲ ಬಣ್ಣ ಮಾತ್ರ ಗುಂಪು ಹೇಳಲಿ. ಸರ ಯಾವುದು, ಸೆರಗು ಯಾವ ಕಡೆಗೆ ಅನ್ನೋದನ್ನ ಉಡುವವಳಿಗೆ ಬಿಡೋಣ.