ಹಚ್ಚಲು ಗಮ್, ಬಿಚ್ಚಲು ತೋಳು

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ನಿಂತವರು ದೀಪ, ಬಾನೆಟ್ಟು ನೋಡುತ್ತಾರೆ. ನನಗೆ ಬಗ್ಗಿ ಚಕ್ರದ ಅಡಿ ನೋಡುವ ಚಾಳಿ. ಆ ಕಾಲದ ಗಾಡಿಗಳಲ್ಲಿ ಸಡಿಲವಾಗಲೇಬಾರದ ನಟ್ಟಿಗೆ ಕೋಟೆಯ ತೆನೆಯ ಹಾಗೆ ಕಚ್ಚು ಕೊರೆದು, ಬೋಲ್ಟಿನ ತೂತಿನಲ್ಲಿ ಸ್ಪ್ಲಿಟ್ ಪಿನ್ ತೂರಿಸಿ ಕಾಲು ಮಡಚುತ್ತಿದ್ದರು. ಪಿನ್ ನೆಟ್ಟಗೆ ಮಾಡಿ ಎಳೆದರೆ ಬಿಡುಗಡೆ. ಬೀಗವೂ ಕೀಲಿಯೂ ಕಣ್ಣೆದುರೇ ಇದ್ದವು.

ಈಗ ಎಷ್ಟೋ ಕಡೆ ಆ ಕೆಲಸವನ್ನು ಒಂದು ಹನಿ ಥ್ರೆಡ್‌ಲಾಕರ್ ಮಾಡುತ್ತದೆ. ಗ್ಯಾರೇಜಿನವರಿಗೆ ಅದು ‘ಗಮ್’. ಬೀಗ ಒಳಗಡೆ ಅಡಗಿದೆ, ಕೀಲಿ ಯಾವುದೆಂದು ಹೆಚ್ಚಿನವರಿಗೆ ಗೊತ್ತಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

1953ರಲ್ಲಿ ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವೆರ್ನನ್ ಕ್ರೀಬಲ್ ರೂಪಿಸಿದ ಈ ದ್ರವದ ಗುಣ ವಿಚಿತ್ರ. ಗಾಳಿ ಇರುವ ತನಕ ಅದು ನೀರಾಗಿಯೇ ಇರುತ್ತದೆ. ಬಾಟಲಿ ಅರ್ಧ ಖಾಲಿ ಇದ್ದರೆ ಅಂಗಡಿಯವನು ಮೋಸ ಮಾಡಿದನೆಂದಲ್ಲ. ಒಳಗಿನ ಗಾಳಿಯೇ ಅದನ್ನು ಕಾಯುತ್ತಿರುತ್ತದೆ. ಬೋಲ್ಟು ತಿರುಗಿಸಿ ಬಿಗಿದಾಗ ಎಳೆಗಳ ಸಂದಿನಲ್ಲಿ ಗಾಳಿ ಉಳಿಯುವುದಿಲ್ಲ, ಸುತ್ತ ಕಬ್ಬಿಣದ ಸಂಪರ್ಕ ಸಿಗುತ್ತದೆ, ಆಗ ದ್ರವ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಅರ್ಧ ಗಂಟೆಯೊಳಗೆ ಹಿಡಿಯುತ್ತದೆ, ಪೂರ್ತಿ ಬಲಕ್ಕೆ ಒಂದು ದಿನ ಬೇಕು. ಬಿಗಿದ ಬೋಲ್ಟಿನಲ್ಲೂ ಎಳೆಯ ಒಂದು ಮೈಯಷ್ಟೇ ತಾಗಿಕೊಂಡಿದ್ದು, ಉಳಿದ ಕಡೆ ಕೂದಲೆಳೆಯಷ್ಟು ಜಾಗ ಇರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಕುಲುಕಾಡುವ ಬೈಕಿನ ಬೋಲ್ಟು ಆ ಜಾಗದಲ್ಲಿ ಅಡ್ಡಕ್ಕೆ ಜಾರಿ ಜಾರಿ ತಾನೇ ತಿರುಗುತ್ತದೆ. ಗಮ್ ಆ ಜಾಗವನ್ನೇ ತುಂಬಿ ಜಾರಾಟ ನಿಲ್ಲಿಸುತ್ತದೆ. ಬಿಗಿದ ಕೂಡಲೇ ಚಪ್ಪಟೆಯಾಗುವ ಸ್ಪ್ರಿಂಗ್ ವಾಷರಿಗಿಂತ ಇದು ಎಷ್ಟೋ ಮೇಲು. ಇಷ್ಟರ ಮಟ್ಟಿಗೆ ನಾನು ಇದರ ಪಕ್ಷಪಾತಿ.

ಆದರೆ ಹಚ್ಚುವ ರೀತಿ ನೋಡಿ. ಎಣ್ಣೆ ಮೆತ್ತಿದ ಎಳೆಗೇ ಸುರಿಯುತ್ತಾರೆ. ಜಿಡ್ಡಿನ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ. ಇನ್ನು ನೀಲಿ ಸಾಕಾಗುವ ಕಡೆಗೂ ಕೆಂಪು. ಸಾಮಾನ್ಯವಾಗಿ ನೀಲಿ ಪಾನಾಕ್ಕೆ ಬಿಡುವಂಥದ್ದು, ಕೆಂಪು ಬಿಸಿಗೆ ಮಾತ್ರ. ಬಣ್ಣದ ಪದ್ಧತಿ ಕಂಪೆನಿಯಿಂದ ಕಂಪೆನಿಗೆ ಬದಲಾಗುವುದರಿಂದ ಬಾಟಲಿಯ ಮೇಲಿನದನ್ನು ಓದಬೇಕು, ಯಾರೂ ಓದುವುದಿಲ್ಲ. “ಇದು ಹಾಕಿದ್ರೆ ಇನ್ನು ಜನ್ಮಕ್ಕೆ ಬಿಡ್ಲಿಕ್ಕಿಲ್ಲ ಮಾರಾಯ್ರೆ” ಎಂದು ಉಜಿರೆ ಕಡೆಯ ಒಬ್ಬ ಮೆಕ್ಯಾನಿಕ್ ನನಗೆ ಹೆಮ್ಮೆಯಿಂದ ಹೇಳಿದ್ದರು.

ಬಿಡುತ್ತದೆ. ನನ್ನ ಬೈಕಿನ ಹಿಂದಿನ ಡಿಸ್ಕ್ ಬದಲಿಸುವಾಗ ಆದದ್ದನ್ನೇ ಹೇಳುತ್ತೇನೆ. ಐದು ಬೋಲ್ಟುಗಳಲ್ಲಿ ಒಂದಕ್ಕೆ ಗ್ಯಾರೇಜಿನವರು ಅಲೆನ್ ಕೀ ಹಾಕಿ, ಅದಕ್ಕೆ ಪೈಪು ಸಿಕ್ಕಿಸಿ ಒತ್ತಿದರು. ಆರು ಮೂಲೆಯ ತೂತು ಸವೆದು ಅರ್ಧ ದುಂಡಗಾಯಿತು. ಉಳಿದ ನಾಲ್ಕಕ್ಕೆ ನಾನು ಬಿಸಿ ಕೊಡಿಸಿದೆ. ಗಟ್ಟಿಯಾದ ಗಮ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗಿ, ಮುರಿದು, ಹಿಡಿತ ಬಿಡುತ್ತದೆ. ಇಡೀ ಚಕ್ರಕ್ಕೆ ಆ ಬಿಸಿ ಹಾಕಿದರೆ ಬೇರಿಂಗಿನ ಸೀಲು, ಗ್ರೀಸು, ಟಯರು ಎಲ್ಲವೂ ಹಾಳು. ಆದ್ದರಿಂದ ಸಣ್ಣ ಜ್ವಾಲೆಯನ್ನು ಬೋಲ್ಟಿನ ತಲೆಗಷ್ಟೇ ಹಿಡಿಯಬೇಕು, ಪೆಟ್ರೋಲ್ ಮತ್ತು ಬ್ರೇಕ್ ಎಣ್ಣೆಯಿಂದ ದೂರ, ಗಾಳಿಯಾಡುವಲ್ಲಿ. ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ. ಚಕ್ರದ ಹಬ್ ಅಲ್ಯುಮಿನಿಯಂ. ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಹಾಗಾಗಿ ಜ್ವಾಲೆ ದೊಡ್ಡದು ಮಾಡಬೇಕೆನಿಸುತ್ತದೆ. ಮಾಡಬಾರದು, ತಲೆಯಲ್ಲೇ ನಿಲ್ಲಿಸಬೇಕು. ಅದೇ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ತೂತು ತುಸು ಅಗಲವಾಗಿ ನಮಗೆ ಸಹಾಯವನ್ನೂ ಮಾಡುತ್ತದೆ.

ಎಷ್ಟು ಬಿಸಿಯಾಯಿತೆಂದು ತಿಳಿಯಲು ಕಮ್ಮಾರರ ಒಂದು ಹಳೆಯ ಲೆಕ್ಕವಿದೆ. ತಲೆಯ ಒಂದು ಮೂಲೆಯನ್ನು ಎಮರಿ ಕಾಗದದಿಂದ ಉಜ್ಜಿ ಹೊಳಪು ಮಾಡಿಕೊಂಡರೆ, ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ಬಂದು, 250ರ ಆಸುಪಾಸಿನಲ್ಲಿ ಕಂದಾಗುತ್ತದೆ. ನೀಲಿಗೆ ತಿರುಗಿದರೆ 300ರ ಹತ್ತಿರ ಹೋಯಿತು, ಬೇಕಾದ್ದಕ್ಕಿಂತ ಹೆಚ್ಚಾಯಿತು. ಸ್ಟೇನ್‌ಲೆಸ್‌ಗೆ ಈ ಲೆಕ್ಕ ನಡೆಯದು.

ಬಿಸಿ ಇರುವಾಗಲೇ ತಿರುಗಿಸಬೇಕು, ಇದನ್ನು ತಪ್ಪುವವರೇ ಹೆಚ್ಚು. ಬೆಂಕಿ ತೆಗೆದು ಚಹಾ ಕುಡಿದು ಬಂದರೆ ಗಮ್ ಮತ್ತೆ ಬಿಗಿಯಾಗಿರುತ್ತದೆ. ನಾಲ್ಕೂ ಮೆಲ್ಲನೆ ಕಿರುಗುಟ್ಟುತ್ತಾ, ಎಳೆಯಲ್ಲಿ ಪುಡಿ ಉದುರಿಸುತ್ತಾ ಹೊರಬಂದವು. ಸವೆದ ಐದನೆಯದಕ್ಕೆ ಸ್ವಲ್ಪ ದೊಡ್ಡ ಟಾರ್ಕ್ಸ್ ಬಿಟ್ ಹೊಡೆದು ಕೂರಿಸಿ, ಅದಕ್ಕೂ ಬಿಸಿ ಕೊಟ್ಟೆವು. ಮೊದಲೇ ಕೊಟ್ಟಿದ್ದರೆ ಆ ಬಿಟ್ಟಿನ ಖರ್ಚು ಉಳಿಯುತ್ತಿತ್ತು.

ಹಬ್ಬಿನ ಎಳೆಯಲ್ಲಿ ಉಳಿದ ಪುಡಿಯನ್ನು ಬ್ರಶ್ಶಿನಿಂದ ಕೆದಕಿ, ಹೊಸ ಬೋಲ್ಟಿನ ಎಣ್ಣೆ ಒರೆಸಿ, ಈ ಸಲ ನೀಲಿಯ ಒಂದೊಂದು ಹನಿ. ಬೈಕನ್ನು ಮರುದಿನ ಮಧ್ಯಾಹ್ನದ ತನಕ ಹೊರಗೆ ತೆಗೆಯಲಿಲ್ಲ.