ಡೌನ್‌ಲೋಡ್ ಅಂದ್ರೆ ಬಾಡಿಗೆ, ಲಿರಿಕ್ಸ್ ಅಂದ್ರೆ ಬರೀ ಮೂರೂವರೆ ಕೆಬಿ

ಥಾಯ್ಲೆಂಡಿನಲ್ಲಿ ಹಾಡು ಕೇಳೋ ಆ್ಯಪ್ ಅಂದರೆ ಬಹಳ ಜನರ ಬಾಯಲ್ಲಿ ಬರೋ ಹೆಸರು ಜೂಕ್ಸ್. ಒಡೆತನ ಚೀನಾದ ಟೆನ್ಸೆಂಟ್‌ನದು, ಆದರೆ ಒಳಗಿನ ರುಚಿ ಪೂರ್ತಿ ಥಾಯ್. ಬ್ಯಾಂಕಾಕಿನ ಪಾಪ್ ಇದೆ, ಈಶಾನ್ಯದ ಇಸಾನ್ ಸೀಮೆಯ ಮೊರ್ ಲಮ್ ಇದೆ, ಲೂಕ್ ತುಂಗ್ ಇದೆ. ಲೂಕ್ ತುಂಗ್ ಅಂದರೆ ಪದಶಃ 'ಹೊಲದ ಮಗು'. ಹಳ್ಳಿ ಬಿಟ್ಟು ಪಟ್ಟಣಕ್ಕೆ ದುಡಿಯಲು ಬಂದವರ ಹಾಡು ಅದು. ಪ್ರಾಜೆಕ್ಟ್ ಕೆಲಸಕ್ಕೆ ಬ್ಯಾಂಕಾಕಿಗೆ ಹೋಗಿ ಬರುವ ನನ್ನಂಥ ಹಳ್ಳಿಯವನಿಗೆ ಭಾಷೆ ಬರುವ ಮೊದಲೇ ಆ ಹಾಡು ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾಡುಗಳ ವಿಮರ್ಶೆ ಬಲ್ಲವರು ಮಾಡಲಿ. ನಾನು ವಿಮರ್ಶೆ ಮಾಡಹೊರಟಿರುವುದು ಇಂಥ ಆ್ಯಪ್‌ಗಳ ಸೆಟ್ಟಿಂಗ್ಸ್ ಪುಟವನ್ನು. ಅಲ್ಲಿ ಮೂರು ಆಯ್ಕೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದವರಂತೆ ಬೇರೆ ಬೇರೆ ಕೂತಿರುತ್ತವೆ: ಆಫ್‌ಲೈನ್ ಡೌನ್‌ಲೋಡ್, ಆಡಿಯೋ ಕ್ವಾಲಿಟಿ, ಲಿರಿಕ್ಸ್. ನಿಜಕ್ಕೂ ಇವು ಮೂರೂ ಸೇರಿ ಒಂದೇ ತೀರ್ಮಾನ. ಅದನ್ನು ಮೂರು ಕಡೆ ಹರಡಿಟ್ಟಿರುವುದರಿಂದ ಕೇಳುಗ ಜಾಗ ತುಂಬುವುದಕ್ಕೆ ಹೆಚ್ಚು ತಲೆ ಕೊಡುತ್ತಾನೆ, ತನಗೆ ಬೇಕಾದದ್ದಕ್ಕೆ ಕಡಿಮೆ.

ಮೊದಲು ಡೌನ್‌ಲೋಡ್ ಎನ್ನುವ ಮಾತು. ನಮ್ಮ ತಾಲೂಕು ಪಟ್ಟಣಗಳ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬೆಳೆದವರು ನಾವು. (ಅದು ಕಾನೂನಿಗೆ ಒಪ್ಪುವ ವ್ಯವಹಾರ ಅಲ್ಲ ಅನ್ನೋದು ಬೇರೆ ಮಾತು.) ಒಮ್ಮೆ ಕಾರ್ಡಿಗೆ ಬಿದ್ದ ಹಾಡು ನಮ್ಮದು. ಕಾರ್ಡು ತೆಗೆದು ಅಣ್ಣನ ಫೋನಿಗೆ ಹಾಕಿದರೂ ಹಾಡುತ್ತಿತ್ತು. ಜೂಕ್ಸ್ ಥರದ ಆ್ಯಪ್‌ನಲ್ಲಿ ಡೌನ್‌ಲೋಡ್ ಅಂದರೆ ಹಾಗಲ್ಲ. ಫೈಲು ನಿಮ್ಮ ಫೋನಿನಲ್ಲೇ ಇರುತ್ತದೆ, ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಬೀಗದ ಕೈ ವಿಐಪಿ ಚಂದಾದ ಜೊತೆ ಕಟ್ಟಿಕೊಂಡಿರುತ್ತದೆ. ಚಂದಾ ಮುಗಿದ ದಿನ ಪೆಟ್ಟಿಗೆ ಜಾಗ ಹಿಡಿದುಕೊಂಡು ಕೂತಿರುತ್ತದೆ, ಹಾಡು ಮಾತ್ರ ಏಳೋದಿಲ್ಲ. ಆ ಫೈಲನ್ನು ಕಾಪಿ ಮಾಡಿ ಇನ್ನೊಂದು ಫೋನಿಗೆ ಹಾಕಿದರೂ ಅದೇ ಗತಿ. ಇದು ಮೋಸ ಅಂತ ನಾನು ಹೇಳುವುದಿಲ್ಲ, ಬಾಡಿಗೆ ಮನೆ ಮೋಸವೇನಲ್ಲ. ಆದರೆ ಬಾಡಿಗೆ ಮನೆಯ ಬಾಗಿಲಿಗೆ 'ಸ್ವಂತ ಮನೆ' ಅಂತ ಬೋರ್ಡ್ ಹಾಕಬಾರದು. ಹಾಡುಗಳ ಪಕ್ಕದ ಡೌನ್‌ಲೋಡ್ ಗುರುತು ಅಂಥದೇ ಬೋರ್ಡು.

ಇನ್ನು ಕ್ವಾಲಿಟಿ. ಲೆಕ್ಕ ಸುಲಭ: ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನೋದನ್ನು ಹಾಡಿನ ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಕಿಲೋಬೈಟ್ ಸಿಗುತ್ತದೆ. 4 ನಿಮಿಷದ ಹಾಡು 240 ಸೆಕೆಂಡು. 128 ಕಿಲೋಬಿಟ್‌ನಲ್ಲಿ ಅದು ಸುಮಾರು 3.8 ಎಂಬಿ, 320ರಲ್ಲಿ 9.6 ಎಂಬಿ. ಏನನ್ನೂ ಕಳೆದುಕೊಳ್ಳದ ಲಾಸ್‌ಲೆಸ್ ಆದರೆ ಸುಮಾರು 25 ಎಂಬಿ ಅಂದುಕೊಳ್ಳಿ. ಬೆಂಗಳೂರಿನಿಂದ ಬ್ಯಾಂಕಾಕಿಗೆ ಸುಮಾರು ಮೂರೂವರೆ ಗಂಟೆಯ ಹಾರಾಟ. ಇಂಥ 50 ಹಾಡು ಇದ್ದರೆ 200 ನಿಮಿಷ, ದಾರಿಗೆ ಸಾಕು. ಅದಕ್ಕೆ ಬೇಕಾಗುವ ಜಾಗ 192 ಎಂಬಿ, ಇಲ್ಲವೇ 480 ಎಂಬಿ, ಇಲ್ಲವೇ ಒಂದೂಕಾಲು ಜಿಬಿ.

ದುಬಾರಿಯದನ್ನೇ ತಗೊಂಡರಾಯ್ತು ಅನ್ನೋ ಮುಂಚೆ ಕಿವಿಯಲ್ಲಿ ಏನಿದೆ ನೋಡಿಕೊಳ್ಳಿ. ಬ್ಲೂಟೂತ್ ಇಯರ್‌ಬಡ್ ಆದರೆ ಫೋನು ಹಾಡನ್ನು ಬಿಚ್ಚಿ, ಇನ್ನೊಮ್ಮೆ ಕುಗ್ಗಿಸಿ, ಆಮೇಲೆ ಗಾಳಿಯಲ್ಲಿ ಕಳಿಸುತ್ತದೆ. ಎಲ್ಲ ಇಯರ್‌ಬಡ್‌ಗೂ ಗೊತ್ತಿರುವ ಎಸ್‌ಬಿಸಿ ಎಂಬ ವಿಧಾನದ ಒಳ್ಳೆಯ ಮಟ್ಟವೇ ಸೆಕೆಂಡಿಗೆ 328 ಕಿಲೋಬಿಟ್. ಕೆರೆ ತುಂಬ ನೀರಿದ್ದರೂ ತೂಬಿನಷ್ಟೇ ನೀರು ಗದ್ದೆಗೆ. ವಿಮಾನದ ಎಂಜಿನ್ ಸದ್ದಿನಲ್ಲಿ, ಬ್ಲೂಟೂತ್‌ನಲ್ಲಿ ಕೇಳುವವನಿಗೆ 320ರಾಚೆಯದು ಬರೀ ಜಾಗದ ದಂಡ. ಮನೆಯಲ್ಲಿ ವೈರ್ ಹೆಡ್‌ಫೋನ್ ಹಾಕಿ ಕೂತು ಕೇಳುವವರ ಮಾತು ಬೇರೆ.

ಇಲ್ಲೇ ಎರಡು ಆಯ್ಕೆಗಳು ಒಂದಾಗುವುದು. ನೇರ ಕೇಳುವಾಗಿನ ಕ್ವಾಲಿಟಿಯನ್ನು ಗಳಿಗೆಗೊಮ್ಮೆ ಬದಲಿಸಬಹುದು. ಡೌನ್‌ಲೋಡ್ ಆದದ್ದು ಮಾತ್ರ ಆ ಕ್ಷಣದ ಕ್ವಾಲಿಟಿಯಲ್ಲೇ ಹೆಪ್ಪುಗಟ್ಟಿರುತ್ತದೆ. ನಂತರ ಸೆಟ್ಟಿಂಗ್ ಏರಿಸಿದರೆ ಸಾಮಾನ್ಯವಾಗಿ ಹಳೇ ಫೈಲುಗಳು ತಾವಾಗೇ ಬದಲಾಗುವುದಿಲ್ಲ, ಅಳಿಸಿ ಮತ್ತೆ ಇಳಿಸಬೇಕು. ಇನ್ನೂ ಒಂದು ಸೂಕ್ಷ್ಮ ಇದೆ. ಡೌನ್‌ಲೋಡ್ ಆದ ಹಾಡನ್ನು ಮನೆಯ ವೈ-ಫೈನಲ್ಲಿ ಒತ್ತಿದರೂ ಆ್ಯಪ್ ಮೊದಲು ನೋಡುವುದು ಫೋನಿನಲ್ಲಿರುವ ಫೈಲನ್ನೇ. ಹಾಗಾಗಿ 128ರಲ್ಲಿ ಇಳಿಸಿಕೊಂಡವರು 'ಹೈ ಕ್ವಾಲಿಟಿ' ಆನ್ ಮಾಡಿಯೂ 128ನ್ನೇ ಕೇಳುತ್ತಾ ಇರಬಹುದು. ಪತ್ತೆ ಮಾಡೋದು ಹೇಗೆ? ಡೌನ್‌ಲೋಡ್‌ಗಳು ಹಿಡಿದಿರುವ ಒಟ್ಟು ಜಾಗವನ್ನು ಹಾಡುಗಳ ಸಂಖ್ಯೆಯಿಂದ ಭಾಗಿಸಿ. ಹಾಡಿಗೆ 4 ಎಂಬಿ ಹತ್ತಿರ ಬಂದರೆ ಉತ್ತರ ಸಿಕ್ಕಿತು.

ಮೂರನೆಯದು ಲಿರಿಕ್ಸ್. ನನಗೆ ಎಲ್ಲಕ್ಕಿಂತ ಮುಖ್ಯ ಇದೇ, ಯಾಕೆಂದರೆ ಲೂಕ್ ತುಂಗ್ ಕೇಳುತ್ತಲೇ ನಾನು ಥಾಯ್ ಓದಲು ಕಲಿಯುತ್ತಿದ್ದೇನೆ. ಹಾಡಿನ ಜೊತೆ ಓಡುವ ಲಿರಿಕ್ಸ್ ಹಿಂದೆ ಮಂತ್ರವೇನೂ ಇಲ್ಲ, ಸಮಯ ಬರೆದ ಸಾಲುಗಳು ಅಷ್ಟೆ. ಎಲ್‌ಆರ್‌ಸಿ ಎಂಬ ಹಳೇ ರೂಪದಲ್ಲಿ ಹೀಗಿರುತ್ತದೆ ('ರೈಲು ಬಂದು ಮುಟ್ಟಿತು' ಅನ್ನೋ ಸಾಲು ನಾನೇ ಕಟ್ಟಿದ್ದು):

```
[00:12.40]รถไฟมาถึงแล้ว
```

ಹನ್ನೆರಡು ಸೆಕೆಂಡು ದಾಟುತ್ತಲೇ ಈ ಸಾಲು ಬೆಳಗಬೇಕು ಅಂತ ಅರ್ಥ. ಸಾಲಿಗೊಂದು ಸಮಯ ಸುಲಭ. ಕರಾವೋಕೆ ಥರ ಪದಪದವೂ ಬೆಳಗಬೇಕು ಅಂದಾಗ ಥಾಯ್ ಲಿಪಿ ಪರೀಕ್ಷೆ ಒಡ್ಡುತ್ತದೆ. ಥಾಯ್‌ನಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ, ಮೇಲಿನ ಸಾಲು ನೋಡಿ. ಎಲ್ಲಿ ಕತ್ತರಿಸಬೇಕು ಅನ್ನೋದನ್ನು ಯಾರಾದರೂ ಭಾಷೆ ಬಲ್ಲವರು, ಇಲ್ಲವೇ ನಿಘಂಟು ಇಟ್ಟುಕೊಂಡ ಪ್ರೋಗ್ರಾಂ, ಮೊದಲೇ ಹೇಳಬೇಕು:

```
[00:12.40]<00:12.40>รถไฟ<00:13.10>มา<00:13.50>ถึง<00:13.95>แล้ว
```

ಪದ ಬಿಟ್ಟು ಅಕ್ಷರ ಅಕ್ಷರವಾಗಿ ಬಣ್ಣ ತುಂಬಿಸಿದರೆ ಇನ್ನೂ ಪಜೀತಿ. ಕೊನೆಯ ಪದದಲ್ಲಿ ಎಡತುದಿಗೆ ಇರುವುದು ಸ್ವರ, ವ್ಯಂಜನ ಆಮೇಲೆ. ಓದುವಾಗ ಮಾತ್ರ ವ್ಯಂಜನ ಮೊದಲು. ಕಂಪ್ಯೂಟರಿನಲ್ಲೂ ಅದು ಬರೆದ ಕ್ರಮದಲ್ಲೇ ಕೂರುತ್ತದೆ. ನಮ್ಮ 'ಕೆ'ಯಲ್ಲಿ ಮೊದಲು ಕ, ಆಮೇಲೆ ಏತ್ವ ಕೂತು ಒಂದೇ ಅಕ್ಷರವಾಗಿ ಕಾಣುವ ಹಾಗಲ್ಲ. ಹಾಗಾಗಿ ಬಾಯಿಗೆ ಬರುವ ಮೊದಲೇ ಸ್ವರ ಬೆಳಗಿ, ಕಲಿಯುವವನನ್ನು ದಾರಿ ತಪ್ಪಿಸುತ್ತದೆ. ಇಂಗ್ಲಿಷ್‌ಗಾಗಿ ಬರೆದ ಕೋಡನ್ನು ಥಾಯ್‌ಗೆ ಹಾಗೇ ಹೊದಿಸಿದರೆ ಆಗೋದು ಇದೇ. ಪದದ ಮಟ್ಟ ಸರಿಯಾಗಿ ಮಾಡಲು ಆಗದಿದ್ದರೆ ಸಾಲಿನ ಮಟ್ಟಕ್ಕೇ ನಿಲ್ಲುವ ಆ್ಯಪ್ ನನ್ನ ಮಟ್ಟಿಗೆ ಪ್ರಾಮಾಣಿಕ. ಥಾಯ್ ಮಾತನ್ನು ರೋಮನ್ ಅಕ್ಷರದಲ್ಲಿ ಬರೆಯುವುದನ್ನು ಅಲ್ಲಿನ ಜನ 'ಕರಾವೋಕೆ ಭಾಷೆ' ಅಂತಲೇ ಕರೆಯುತ್ತಾರೆ. ಹಾಡಲು ಅದು ಸಾಕು, ಲಿಪಿ ಕಲಿಯಲು ಸಾಲದು.

ಲಿರಿಕ್ಸ್ ಹಾಡಿಗೆ ಹೊಂದದೇ ಹೋದಾಗ ಆ್ಯಪನ್ನೇ ಬೈಯುವ ಮುಂಚೆ ತಪ್ಪು ಯಾವ ಥರದ್ದು ನೋಡಿ. ಮೊದಲಿನಿಂದ ಕೊನೆಯವರೆಗೂ ಒಂದೇ ಅಂತರದಲ್ಲಿ ಲಿರಿಕ್ಸ್ ಮುಂದಿದ್ದರೆ, ಇಯರ್‌ಬಡ್ ಬಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಿ. ಅಲ್ಲಿ ಸರಿಹೋದರೆ ಅದು ಬ್ಲೂಟೂತ್‌ನ ತಡ: ಸದ್ದು ಕಿವಿ ಮುಟ್ಟಲು ಕಾಲು ಸೆಕೆಂಡಿನವರೆಗೂ ಹಿಡಿಯಬಹುದು. ಸ್ಪೀಕರ್‌ನಲ್ಲೂ ಅದೇ ಅಂತರ ಉಳಿದರೆ ಸಮಯ ಬರೆದವರೇ ಹೆಚ್ಚುಕಮ್ಮಿ ಮಾಡಿದ್ದಾರೆ. ಅಂತರ ಹೋಗ್ತಾ ಹೋಗ್ತಾ ಬೆಳೆದರೆ, ಇಲ್ಲವೇ ನಡುವೆ ಥಟ್ಟನೆ ತಪ್ಪಿದರೆ, ಆ ಲಿರಿಕ್ಸ್ ಬೇರೆ ರೆಕಾರ್ಡಿಂಗ್‌ನದು. ಸ್ಟುಡಿಯೋ ಹಾಡಿಗೆ ಬರೆದ ಸಮಯವನ್ನು ಕಛೇರಿಯ ಲೈವ್ ಹಾಡಿಗೆ ಅಂಟಿಸಿದರೆ, ಹಾಡುಗಾರ ಜನರ ಜೊತೆ ಹರಟುವಾಗ ಇತ್ತ ಲಿರಿಕ್ಸ್ ಎರಡನೇ ಚರಣ ಮುಗಿಸಿರುತ್ತದೆ. ಇದಕ್ಕೆ ಔಷಧ ಒಂದೇ, ಅದೇ ಹಾಡಿನ ಸ್ಟುಡಿಯೋ ಆವೃತ್ತಿ ಹುಡುಕಿ ಅದನ್ನು ಇಳಿಸಿಕೊಳ್ಳುವುದು.

ಈಗ ನನ್ನ ಮುಖ್ಯ ತಕರಾರು. ಲಿರಿಕ್ಸ್ ಆಡಿಯೋ ಒಳಗೆ ಇರಲೇಬೇಕೆಂದಿಲ್ಲ, ಬೇರೆಯೇ ಸಣ್ಣ ಫೈಲಾಗಿ ಬರಬಹುದು. ಹಾಗಿದ್ದಾಗ ಹಾಡು ಇಳಿದರೂ ಅದು ಜೊತೆಗೆ ಇಳಿದಿದೆ ಅನ್ನೋ ಗ್ಯಾರಂಟಿ ಇಲ್ಲ. ನಿನ್ನೆ ಕಂಡ ಲಿರಿಕ್ಸ್ ಇವತ್ತು ವಿಮಾನದಲ್ಲಿ ಕಾಣದೇ ಹೋಗಬಹುದು, ಯಾಕೆಂದರೆ ನಿನ್ನೆ ಅದು ನೆಟ್‌ನಿಂದ ಬಂದಿತ್ತು. ಎಷ್ಟು ಜಾಗಕ್ಕೆ ಈ ಜಿಪುಣತನ? ಲೆಕ್ಕ ಹಾಕಿ. 40 ಸಾಲು, ಸಾಲಿಗೆ 25 ಅಕ್ಷರ. ಯುಟಿಎಫ್-8ರಲ್ಲಿ ಥಾಯ್ ಅಕ್ಷರಕ್ಕೆ, ಕನ್ನಡಕ್ಕಿದ್ದಂತೆಯೇ, 3 ಬೈಟ್. ಅಲ್ಲಿಗೆ 3,000 ಬೈಟ್, ಸಾಲಿಗೆ 10ರಂತೆ ಸಮಯದ್ದು ಇನ್ನೊಂದು 400. ಒಟ್ಟು ಮೂರೂವರೆ ಕೆಬಿಯೊಳಗೆ ಮುಗಿಯಿತು. 50 ಹಾಡಿನ ಲಿರಿಕ್ಸ್ ಪೂರ್ತಿ ಸೇರಿದರೂ 175 ಕೆಬಿ, 128ರ ಒಂದೇ ಹಾಡಿನ ಇಪ್ಪತ್ತನೇ ಒಂದು ಪಾಲೂ ಇಲ್ಲ! ಬ್ಲೂಟೂತ್ ದಾಟಲಾಗದ ಕ್ವಾಲಿಟಿಗೆ ಒಂದು ಜಿಬಿ ಕೊಡುವ ಪುಟದಲ್ಲಿ, 'ಲಿರಿಕ್ಸ್ ಸಮೇತ ಇಳಿಸು' ಅನ್ನೋ ಒಂದು ಚೆಕ್‌ಬಾಕ್ಸ್‌ಗೆ ಜಾಗ ಇಲ್ಲ ಅಂದರೆ ಅದು ಎಂಜಿನಿಯರಿಂಗ್ ಕಷ್ಟ ಅಲ್ಲ, ಆದ್ಯತೆಯ ಪ್ರಶ್ನೆ.

ಆ ಚೆಕ್‌ಬಾಕ್ಸ್ ಬರುವವರೆಗೆ ಕ್ರಮ ನೀವೇ ಹಾಕಿಕೊಳ್ಳಬೇಕು. ಮೊದಲು ಡೌನ್‌ಲೋಡ್ ಕ್ವಾಲಿಟಿ ಇಟ್ಟು, ಆಮೇಲಷ್ಟೇ ಹಾಡು ಇಳಿಸಿ. ನಂತರ ಏರೋಪ್ಲೇನ್ ಮೋಡ್ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಿರಿ. ಮೂರ್ನಾಲ್ಕು ಹಾಡು ಒತ್ತಿ, ಲಿರಿಕ್ಸ್ ಬರುತ್ತಾ ನೋಡಿ. ಬಾರದಿದ್ದರೆ ನೆಟ್ ಆನ್ ಮಾಡಿ, ಬೇಕಾದ ಹಾಡಿನ ಲಿರಿಕ್ಸ್ ಪುಟ ಒಮ್ಮೆ ತೆರೆದು, ಮತ್ತೆ ಇದೇ ಪರೀಕ್ಷೆ ಮಾಡಿ. ಕೆಲವೊಮ್ಮೆ ಅಷ್ಟಕ್ಕೇ ಉಳಿದುಕೊಳ್ಳುತ್ತದೆ. ಈ ಪರೀಕ್ಷೆಯನ್ನು ಮನೆಯಲ್ಲೇ ಮುಗಿಸಿ, ಬೋರ್ಡಿಂಗ್ ಗೇಟಿನ ಹತ್ತಿರ ಅಲ್ಲ.