ನಮಸ್ಕಾರ ಕೊನೆಗಿರಲಿ

ಸಿನಿಮಾ ಮಂದಿರದಲ್ಲಿ ಕುಳಿತವರು ಟಿಕೆಟ್ಟಿಗೆ ದುಡ್ಡು ಕೊಟ್ಟವರು. ಆರಂಭ ಸಪ್ಪೆಯಾದರೂ ಸ್ವಲ್ಪ ಹೊತ್ತು ತಾಳುತ್ತಾರೆ. ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವ ಪುಟ್ಟ ವಿಡಿಯೋಗಳಿಗೆ ಆ ಭಾಗ್ಯವಿಲ್ಲ. ಹೆಬ್ಬೆರಳು ಗಾಜಿನ ಮೇಲೆಯೇ ಇರುತ್ತದೆ. ಬೇಸರವಾದರೆ ಮೇಲಕ್ಕೆ ಸರಿಸಿದರಾಯಿತು. ಆದ್ದರಿಂದ ಇವುಗಳ ಗುಣದೋಷವೆಲ್ಲ ಮೊದಲ ಐದು ಸೆಕೆಂಡಿನಲ್ಲೇ ಬಯಲಾಗುತ್ತದೆಂದು ನನ್ನ ಅನಿಸಿಕೆ.

ಹೋಳಿಗೆ ಮಾಡಿ ಮಾರುವ ನನ್ನ ತಂಗಿಯ ಮಗಳ ವಿಡಿಯೋವನ್ನೇ ನೋಡಿ. ಮೊದಲ ಎರಡು ಸೆಕೆಂಡು ನಮಸ್ಕಾರ, ಸ್ವಾಗತ. ಮೂರನೆಯದರಲ್ಲಿ ಹೆಸರಿನ ಫಲಕ. ಆಮೇಲೆ ಸಾಲಾಗಿಟ್ಟ ಬೇಳೆ, ಬೆಲ್ಲ, ಮೈದಾ. ಐದು ಸೆಕೆಂಡು ಮುಗಿದರೂ ಏನು ಹೇಳಹೊರಟಿದ್ದಾಳೆಂಬುದು ತಿಳಿಯುವುದಿಲ್ಲ. ಅವಳ ಫೋನಿನಲ್ಲಿ, ನೋಡುಗರು ಯಾವ ಕ್ಷಣದಲ್ಲಿ ಎದ್ದುಹೋದರೆಂದು ತೋರಿಸುವ ಗೆರೆಯಿದೆ. ಅದು ನಮಸ್ಕಾರದ ಹೊತ್ತಿಗೇ ಬಾವಿಯಂತೆ ಇಳಿದಿತ್ತು.

ಅವಳು ಅದನ್ನು ಹೀಗೆ ತಿದ್ದಿದಳು. ಮೊದಲ ಚಿತ್ರದಲ್ಲೇ ಕಾವಲಿಯ ಮೇಲೆ ಹರಿದು ಹೂರಣ ಹೊರಬಂದ ಹೋಳಿಗೆ, ಮೇಲೆ ದಪ್ಪ ಅಕ್ಷರದಲ್ಲಿ "ಹೋಳಿಗೆ ಯಾಕೆ ಹರಿಯುತ್ತೆ?" ಅನೇಕರು ಸದ್ದಿಲ್ಲದೆ ನೋಡುವುದರಿಂದ ಈ ಅಕ್ಷರ ಬೇಕೇ ಬೇಕು. ಪರದೆಯ ಕೆಳಭಾಗವನ್ನೂ ಬಲ ಅಂಚನ್ನೂ ಗುಂಡಿಗಳು, ವಿವರಣೆಗಳು ಮುಚ್ಚುತ್ತವೆ, ಅಕ್ಷರ ಅಲ್ಲಿರಬಾರದು. ಎರಡನೆಯ ಸೆಕೆಂಡಿನಿಂದ ಅವಳ ದನಿ: "ಕಣಕ, ಹೂರಣ ಎರಡೂ ಒಂದೇ ಹದಕ್ಕಿರಬೇಕು." ನಾಲ್ಕು, ಐದರಲ್ಲಿ ಎರಡೂ ಉಂಡೆಗಳನ್ನು ಬೆರಳಿನಿಂದ ಒತ್ತುತ್ತಾಳೆ, ಕಣಕದಲ್ಲಿ ಕುಳಿ ಬೀಳುತ್ತದೆ, ಹೂರಣ ಬಿರಿಯುತ್ತದೆ. ಹದ ತರುವುದು ಹೇಗೆಂಬ ಕುತೂಹಲ ಮುಂದಕ್ಕೆ ಎಳೆಯುತ್ತದೆ.

ಇಲ್ಲಿ ಮೆಚ್ಚಬೇಕಾದದ್ದು ಹರಿದ ಹೋಳಿಗೆಯಷ್ಟೇ ಅಲ್ಲ, ಅದರ ಬೆನ್ನಿಗೇ ಬಂದ ಉತ್ತರದ ಮೊದಲ ತುತ್ತು. "ಈ ತಪ್ಪು ಮಾಡಿದರೆ ಮುಗಿಯಿತು!" ಎಂದು ಹೆದರಿಸಿ ನಿಲ್ಲಿಸಿ, ಆಮೇಲೆ ಪೀಠಿಕೆ ಹಾಕುವವರೂ ಇದ್ದಾರೆ. ಅಂಥವರ ಗೆರೆ ಮೊದಲೆರಡು ಸೆಕೆಂಡು ಮಟ್ಟಸವಾಗಿದ್ದು ನಾಲ್ಕರಲ್ಲಿ ಕುಸಿಯುತ್ತದೆ. ಆರಂಭದಲ್ಲೇ ಕುಸಿದರೆ ಬಾಗಿಲು ತೆರೆದಿಲ್ಲವೆಂದು, ನಾಲ್ಕರಲ್ಲಿ ಕುಸಿದರೆ ಕೊಟ್ಟ ಮಾತು ತಪ್ಪಿತೆಂದು ಸಾಮಾನ್ಯವಾಗಿ ತಿಳಿಯಬಹುದು.

ವೀಕ್ಷಣೆಯ ಸಂಖ್ಯೆ ನೋಡಿ ಹಿಗ್ಗಬೇಡಿ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಶುರುವಾದರೆ ಸಾಕು, ಅದೊಂದು ವೀಕ್ಷಣೆ. ಬಾಗಿಲಲ್ಲಿ ಇಣುಕಿದವರೂ ಊಟಕ್ಕೆ ಕುಳಿತವರ ಲೆಕ್ಕಕ್ಕೆ ಸೇರುತ್ತಾರೆ!

"ನಮಸ್ಕಾರ ಹೇಳದೆ ಮಾತು ಶುರು ಮಾಡೋದು ಹೇಗೆ ದೊಡ್ಡಮ್ಮ?" ಎಂದು ಅವಳು ಕೇಳಿದ್ದಳು. ಆ ಸಂಕೋಚ ನನಗೆ ಇಷ್ಟವಾಯಿತು. ಆದರೆ ಹಸಿದು ಬಂದವರಿಗೆ ಮೊದಲು ಎಲೆ ಹಾಕುವುದೂ ಮರ್ಯಾದೆಯೇ. ಅವಳ ನಮಸ್ಕಾರ ಈಗ ವಿಡಿಯೋದ ಕೊನೆಯಲ್ಲಿದೆ. ಅಲ್ಲಿಯವರೆಗೆ ಕುಳಿತವರಿಗೇ ಅದು ಸಲ್ಲುತ್ತದೆ.